ಬೈಕ್ ಕಳವಾಗಿದೆ, ಒಂದು ಕೀ ಇಲ್ಲ, 'ಅನ್‌ಟ್ರೇಸ್ಡ್ ಸರ್ಟಿಫಿಕೇಟ್' ಎಲ್ಲಿ ಸಿಗುತ್ತದೆ?

ಪ್ರಶ್ನೆ: ಸರ್, ಮನೆ ಮುಂದೆ ನಿಲ್ಲಿಸಿದ್ದ ಬೈಕ್ ರಾತ್ರಿ ಕಳವಾಗಿ ಎರಡು ತಿಂಗಳಾಯ್ತು. ಎಫ್‌ಐಆರ್ ಮರುದಿನವೇ ಆಗಿದೆ. ಇನ್ಶೂರೆನ್ಸ್‌ನವರು ಎರಡೂ ಕೀ ಕೊಡಿ ಅಂತಾರೆ. ನನ್ನ ಹತ್ರ ಒಂದೇ ಇದೆ, ಇನ್ನೊಂದು ಹೋದ ವರ್ಷವೇ ಕಳೆದುಹೋಯ್ತು. ಡೂಪ್ಲಿಕೇಟ್ ಮಾಡಿಸಿ ಕೊಡ್ಲಾ? ಪೊಲೀಸರಿಂದ 'ಅನ್‌ಟ್ರೇಸ್ಡ್ ಸರ್ಟಿಫಿಕೇಟ್' ಬೇರೆ ತರಬೇಕಂತೆ. ಸ್ಟೇಷನ್‌ನಲ್ಲಿ ಕೇಳಿದ್ರೆ ಅಂಥದ್ದೇನೂ ನಾವು ಕೊಡೋದಿಲ್ಲ ಅಂದ್ರು. ಬೈಕ್ ಮೇಲೆ ಸಾಲವೂ ಇದೆ. ಬೆಂಗಳೂರು.

ಉತ್ತರ:

ಡೂಪ್ಲಿಕೇಟ್ ಮಾಡಿಸಬೇಡಿ. ಮೊದಲು ಇದಕ್ಕೆ ಉತ್ತರ, ಉಳಿದದ್ದು ಆಮೇಲೆ.

ನಾನು ಹಲವು ವರ್ಷ ಇಂಥ ಕ್ಲೇಮ್‌ಗಳ ತನಿಖೆ ಮಾಡಿದವನು. ಕಂಪನಿ ಪರವಾಗಿ ಮನೆಗೆ ಬಂದು ಹೇಳಿಕೆ ಬರೆಸಿಕೊಂಡು ಹೋಗುತ್ತಾರಲ್ಲ, ಅದೇ ಕೆಲಸ. ಹಾಗಾಗಿ ನಿಮ್ಮ ಕೀಯನ್ನು ಟೇಬಲ್ಲಿನ ಆಚೆ ಬದಿಯಲ್ಲಿ ಕೂತವರು ಹೇಗೆ ನೋಡುತ್ತಾರೆ ಅನ್ನುವುದು ನನಗೆ ಗೊತ್ತು. ಒಮ್ಮೆ ಒಬ್ಬರು ಎರಡು ಕೀ ತಂದುಕೊಟ್ಟರು. ಒಂದು ಕೀ ದಿನಾ ಜೇಬಲ್ಲಿ ಓಡಾಡಿ ಹಲ್ಲುಗಳ ಅಂಚು ಸವೆದು ನುಣುಪಾಗಿತ್ತು. ಇನ್ನೊಂದು ಹೊಳೆಯುತ್ತಿತ್ತು. ಬೀರುವಿನಲ್ಲಿ ಇಟ್ಟ ಕೀ ಹೊಳೆಯುವುದರಲ್ಲಿ ತಪ್ಪಿಲ್ಲ, ಆದರೆ ಇದನ್ನು ಭೂತಗನ್ನಡಿಯಲ್ಲಿ ನೋಡಿದಾಗ ಹಲ್ಲುಗಳ ಮೇಲೆ ಅಡ್ಡಡ್ಡ ಗೆರೆಗಳಿದ್ದವು, ಕೀ ಕತ್ತರಿಸುವ ಮೆಷಿನ್ನಿನ ಚಕ್ರ ಬಿಟ್ಟ ಗುರುತು. ಹಳೆಯ ಕೀ ಮೇಲೂ ಒಂದು ಸಣ್ಣ ಗೀರು ಇತ್ತು. ನಕಲು ಮಾಡುವಾಗ ಮೂಲ ಕೀಯನ್ನು ಮೆಷಿನ್ನಿಗೆ ಕಚ್ಚಿಸಿ ಅದರ ಹಲ್ಲಿನ ಮೇಲೆ ಒಂದು ಮುಳ್ಳು ಓಡಿಸುತ್ತಾರೆ, ಅದರ ಗೀರು. ಅಂದರೆ ಎರಡೂ ಕೀ ಸೇರಿ ತಮ್ಮ ಕತೆಯನ್ನು ತಾವೇ ಹೇಳಿದವು. ಪಾಪ, ಆ ಮನುಷ್ಯನ ಬೈಕ್ ನಿಜವಾಗಿಯೂ ಕಳವಾಗಿತ್ತು. ಒಂದು ಕೀ ಕಳೆದಿದೆ ಅಂತ ನೇರವಾಗಿ ಹೇಳಿದ್ದರೆ ನಾಲ್ಕು ಪ್ರಶ್ನೆ ಕೇಳಿ ಮುಗಿಸುತ್ತಿದ್ದೆವು. ನಕಲಿ ಕೀ ಕೊಟ್ಟು ಅಸಲಿ ಅಂದಿದ್ದಕ್ಕೆ ಅದು ಸುಳ್ಳು ಮಾಹಿತಿ ಆಯಿತು, ಕ್ಲೇಮ್ ತಳ್ಳಿಹಾಕಲು ಕಂಪನಿಗೆ ಅಷ್ಟು ಸಾಕಾಯಿತು.

ಎರಡೂ ಕೀ ಯಾಕೆ ಕೇಳುತ್ತಾರೆ ಅನ್ನುವುದೂ ಗೊತ್ತಿರಲಿ. ಅವರಿಗೆ ಎರಡು ಅನುಮಾನ. ಒಂದು, ನೀವು ಕೀ ಗಾಡಿಯಲ್ಲೇ ಬಿಟ್ಟು ಹೋಗಿದ್ದಿರಾ. ಇನ್ನೊಂದು, ನೀವೇ ಯಾರಿಗೋ ಗಾಡಿ ಮಾರಿ ಒಂದು ಕೀ ಕೊಟ್ಟು ಈಗ ಕಳವು ಅನ್ನುತ್ತಿದ್ದೀರಾ. ನೀವು ಕೊಡುವ ಯಾವುದೇ ವಿವರಣೆ ಈ ಎರಡಕ್ಕೆ ಉತ್ತರ ಆಗಬೇಕು. "ಕೀ ಇಲ್ಲ, ಕಳೆದಿದೆ" ಅಂತ ಒಂದು ಸಾಲು ಬರೆದುಕೊಟ್ಟರೆ ಆಗುವುದಿಲ್ಲ. ಎರಡನೇ ಕೀ ಯಾವಾಗ ಕಳೆಯಿತು, ಎಲ್ಲಿ ಕಳೆಯಿತು, ಆಮೇಲೆ ಏನು ಮಾಡಿದಿರಿ, ಅಷ್ಟು ದಿನ ಒಂದೇ ಕೀಯಲ್ಲಿ ಹೇಗೆ ಓಡಿಸಿದಿರಿ, ಇಷ್ಟು ಬೇಕು. ಆಗ ಕಳೆದ ವಸ್ತುಗಳಿಗೆ ಪೊಲೀಸರ ಆನ್‌ಲೈನ್ ವ್ಯವಸ್ಥೆಯಾದ ಇ-ಲಾಸ್ಟ್‌ನಲ್ಲಿ ದೂರು ಹಾಕಿದ್ದರೆ ಅದರ ಪ್ರತಿ ಬಂಗಾರ. ನಮ್ಮಲ್ಲಿ ಹೆಚ್ಚಿನವರು ಕೀ ಕಳೆದರೆ ದೂರು ಕೊಡುವುದಿಲ್ಲ ಬಿಡಿ, ನಾನೂ ಕೊಟ್ಟಿರಲಿಲ್ಲ. ದೂರು ಇಲ್ಲ ಅಂದರೆ ಬೇರೆ ಗುರುತು ಹುಡುಕಿ. ಶೋರೂಮಿಗೆ ಹೊಸ ಕೀ ವಿಚಾರಿಸಿ ಫೋನ್ ಮಾಡಿದ್ದರೆ ಆ ಕರೆ, ಮನೆಯವರಿಗೆ "ಕೀ ಕಾಣ್ತಿಲ್ಲ ನೋಡಿದ್ಯಾ" ಅಂತ ಹಾಕಿದ ವಾಟ್ಸಾಪ್ ಮೆಸೇಜ್, ಇಂಥವು. ದಿನಾಂಕ ಇರುವ ಒಂದು ಹಳೇ ಮೆಸೇಜ್ ಈಗ ಬರೆದ ಹತ್ತು ಪುಟದ ಅಫಿಡವಿಟ್‌ಗಿಂತ ತೂಕದ್ದು.

ಇವುಗಳ ಆಧಾರದ ಮೇಲೆ ನೋಟರಿ ಮುಂದೆ ಅಫಿಡವಿಟ್ ಮಾಡಿಸಿ. ಉಳಿದ ಒಂದು ಕೀಯನ್ನು ಅದರ ಜೊತೆ ಕೊಡಿ. ಆದರೆ ಸುಮ್ನೆ ಕೈಗಿಟ್ಟು ಬರಬೇಡಿ. ಬಿಳಿ ಹಾಳೆಯ ಮೇಲೆ ಇಟ್ಟು ಎರಡೂ ಬದಿಯ ಫೋಟೋ ತೆಗೆಯಿರಿ, ಕೀ ಮೇಲೆ ನಂಬರ್ ಇದ್ದರೆ ಅದು ಕಾಣಬೇಕು, "ಒಂದು ಮೂಲ ಕೀ ಸ್ವೀಕರಿಸಿದೆ" ಅಂತ ಸಹಿ, ದಿನಾಂಕ ಹಾಕಿಸಿಕೊಳ್ಳಿ. ಕೀ ಜೊತೆ ಬಂದಿದ್ದ ಸಣ್ಣ ಲೋಹದ ಬಿಲ್ಲೆ ಮನೆಯಲ್ಲಿ ಎಲ್ಲಾದರೂ ಇದೆಯಾ ನೋಡಿ, ಕೆಲವು ಕಂಪನಿಯ ಗಾಡಿಗಳಲ್ಲಿ ಕೀ ನಂಬರ್ ಅದರ ಮೇಲೆ ಇರುತ್ತದೆ. ನಿಮ್ಮ ಕೈಯಲ್ಲಿರುವ ಕೀ ಆ ಗಾಡಿಯದೇ ಅಂತ ತೋರಿಸಲು ಅದು ಅನುಕೂಲ. ಮಧ್ಯೆ ಎಂದಾದರೂ ಲಾಕ್ ಸೆಟ್ ಬದಲಾಯಿಸಿದ್ದರೆ ಆ ಬಿಲ್ ಹುಡುಕಿ. ಇಲ್ಲದಿದ್ದರೆ ಗಾಡಿ ಜೊತೆ ಬಂದ ಕೀ ಬೇರೆ, ನೀವು ಕೊಟ್ಟ ಕೀ ಬೇರೆ ಅಂತ ಇನ್ನೊಂದು ರಗಳೆ ಶುರುವಾಗುತ್ತದೆ. ಹೋದ ವರ್ಷ ಕೀ ಕಳೆದಾಗ ರಸ್ತೆ ಬದಿಯಲ್ಲಿ ನಿಜವಾಗಿಯೂ ಒಂದು ನಕಲು ಮಾಡಿಸಿದ್ದರೆ ಅದನ್ನೂ ಮುಚ್ಚಿಡಬೇಡಿ, "ಇದು ನಕಲು" ಅಂತ ಬರೆದೇ ಕೊಡಿ. ನಕಲು ಮಾಡಿಸುವುದು ತಪ್ಪಲ್ಲ, ಅದನ್ನು ಅಸಲಿ ಅನ್ನುವುದು ತಪ್ಪು.

ಇನ್ನು ಎಫ್‌ಐಆರ್‌ನಲ್ಲಿ ಕೀ ಬಗ್ಗೆ ಏನು ಬರೆದಿದೆ ಅಂತ ಇವತ್ತೇ ತೆಗೆದು ಓದಿ. ತುಂಬಾ ಜನ ದೂರು ಬರೆಯುವಾಗ ಅಭ್ಯಾಸಬಲದಲ್ಲಿ "ಎರಡೂ ಕೀಗಳು ನನ್ನ ಬಳಿ ಇವೆ" ಅಂತ ಬರೆದಿರುತ್ತಾರೆ, ಪಕ್ಕದಲ್ಲಿದ್ದವರು ಹೇಳಿಕೊಟ್ಟಿರುತ್ತಾರೆ. ಹಾಗೆ ಬರೆದಿದ್ದರೆ ನಿಮ್ಮ ಅಫಿಡವಿಟ್ಟೂ ಎಫ್‌ಐಆರೂ ಒಂದಕ್ಕೊಂದು ಹೊಡೆದಾಡುತ್ತವೆ. ಎಫ್‌ಐಆರ್ ತಿದ್ದಲು ಬರುವುದಿಲ್ಲ. ತನಿಖಾಧಿಕಾರಿಗೆ ಒಂದು ಅರ್ಜಿ ಕೊಟ್ಟು ಹೆಚ್ಚುವರಿ ಹೇಳಿಕೆ ದಾಖಲು ಮಾಡಿಕೊಳ್ಳಿ ಅಂತ ಕೇಳಬೇಕು, ಅರ್ಜಿಯ ಇನ್ನೊಂದು ಪ್ರತಿಗೆ ಸ್ಟೇಷನ್ ಸೀಲ್ ಹಾಕಿಸಿಕೊಳ್ಳಬೇಕು. ಚಾಸಿಸ್ ನಂಬರ್, ಎಂಜಿನ್ ನಂಬರ್ ಕೂಡ ಆರ್‌ಸಿ ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರ ಹೋಲಿಸಿ. ಚಾಸಿಸ್ ನಂಬರಿನಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದಿಲ್ಲ, ಸೊನ್ನೆ, ಒಂದರ ಜೊತೆ ಗೊಂದಲ ಆಗಬಾರದು ಅಂತ. ಎಫ್‌ಐಆರ್‌ನಲ್ಲಿ ಓ ಕಂಡರೆ ಅದು ಸೊನ್ನೆ ಆಗಬೇಕಿತ್ತು ಅಂತ ಅರ್ಥ. ಸಣ್ಣ ತಪ್ಪು ಅನಿಸುತ್ತದೆ, ಆದರೆ ಕಂಪನಿಯ ಕಡತದಲ್ಲಿ ಅದು "ಬೇರೆ ಗಾಡಿ" ಆಗಿ ಒಂದು ತಿಂಗಳು ಕೂರುತ್ತದೆ. ಸೆಕ್ಷನ್ ಕೂಡ ನೋಡಿ. 2024ರ ಜುಲೈ 1ರಿಂದ ಮನೆ ಮುಂದಿನ ಗಾಡಿ ಕಳವಿಗೆ ಸಾಮಾನ್ಯವಾಗಿ ಭಾರತೀಯ ನ್ಯಾಯ ಸಂಹಿತೆಯ 303(2) ಹಾಕುತ್ತಾರೆ, ಮೊದಲು ಐಪಿಸಿ 379 ಇದ್ದದ್ದು. ಅದರ ಬದಲು ನಂಬಿಕೆ ದ್ರೋಹದ 316 ಇದ್ದರೆ ಕಂಪನಿ "ಇದು ಕಳವೇ ಅಲ್ಲ" ಅಂತ ತಕರಾರು ತೆಗೆಯುತ್ತದೆ. ಗೆಳೆಯನಿಗೆ ಓಡಿಸಲು ಕೊಟ್ಟು ಅವನು ವಾಪಸ್ ತರದೇ ಇದ್ದಾಗ ಹಾಗಾಗುತ್ತದೆ. ನಿಮ್ಮದು ಮನೆ ಮುಂದೆಯೇ ಹೋಗಿರುವುದರಿಂದ ಆ ಚಿಂತೆ ಇಲ್ಲ.

ಈಗ ನಿಮ್ಮ ತಲೆ ಕೆಡಿಸಿರುವ ಸರ್ಟಿಫಿಕೇಟ್ ವಿಷಯ.

ಸ್ಟೇಷನ್‌ನವರು ನಿಮಗೆ ಸುಳ್ಳು ಹೇಳಿಲ್ಲ. ಆ ಹೆಸರಿನ ಸರ್ಟಿಫಿಕೇಟ್ ಅವರ ಹತ್ತಿರ ನಿಜವಾಗಿಯೂ ಇಲ್ಲ. ದೆಹಲಿ ಕಡೆ 'ಅನ್‌ಟ್ರೇಸ್ಡ್ ರಿಪೋರ್ಟ್' ಅನ್ನುವ ಮಾತು ಚಾಲ್ತಿಯಲ್ಲಿದೆ, ಕಂಪನಿಗಳ ಪಟ್ಟಿ ಇಡೀ ದೇಶಕ್ಕೆ ಒಂದೇ ಆಗಿರುವುದರಿಂದ ಅದೇ ಪದ ನಿಮ್ಮ ಇಮೇಲ್‌ಗೂ ಬಂದಿದೆ. ಕರ್ನಾಟಕದಲ್ಲಿ ಅದರ ಹೆಸರು ಸಿ ರಿಪೋರ್ಟ್. ತನಿಖೆ ಮುಗಿದ ಮೇಲೆ ಪೊಲೀಸರು ಕೋರ್ಟಿಗೆ ಅಂತಿಮ ವರದಿ ಕೊಡಬೇಕು. ಆರೋಪಿ ಸಿಕ್ಕಿ ಸಾಕ್ಷ್ಯ ಇದ್ದರೆ ಅದು ಚಾರ್ಜ್‌ಶೀಟ್. ದೂರಿನಲ್ಲಿ ಹುರುಳಿಲ್ಲ, ಸುಳ್ಳು ಅಥವಾ ತಪ್ಪು ತಿಳಿವಳಿಕೆ ಅಂದರೆ ಬಿ ರಿಪೋರ್ಟ್, ಪೇಪರಿನಲ್ಲಿ ರಾಜಕಾರಣಿಗಳ ಕೇಸಿನಲ್ಲಿ ಓದಿರುತ್ತೀರಿ ಅಲ್ವಾ, ಅದೇ. ಅಪರಾಧ ನಡೆದದ್ದು ನಿಜ, ಆದರೆ ಮಾಡಿದವರೂ ಮಾಲೂ ಪತ್ತೆಯಾಗಲಿಲ್ಲ ಅಂದರೆ ಸಿ ರಿಪೋರ್ಟ್. ನಿಮಗೆ ಬೇಕಾದದ್ದು ಇದು. ಮುಂದಿನ ಸಲ ಸ್ಟೇಷನ್‌ಗೆ ಹೋದಾಗ "ಸರ್ಟಿಫಿಕೇಟ್ ಕೊಡಿ" ಅನ್ನಬೇಡಿ. "ಕ್ರೈಂ ನಂಬರ್ ಇಷ್ಟು, ಸಿ ರಿಪೋರ್ಟ್ ಕೋರ್ಟಿಗೆ ಹೋಗಿದೆಯಾ, ಯಾವ ಕೋರ್ಟು" ಅಂತ ಕೇಳಿ. ಮಾತಿನ ಧಾಟಿಯೇ ಬದಲಾಗುತ್ತದೆ.

ಯಾರೋ ಅವಸರದಲ್ಲಿ "ಕೇಸ್ ಕ್ಲೋಸ್ ಮಾಡಿಕೊಡ್ತೀವಿ, ಸಹಿ ಹಾಕಿ" ಅಂದರೆ ಆ ಹಾಳೆಯನ್ನು ಪೂರ್ತಿ ಓದಿ. "ಗಾಡಿ ಎಲ್ಲೋ ಮರೆತು ಬಂದಿದ್ದೆ", "ಮುಂದಿನ ಕ್ರಮ ಬೇಡ" ಅಂತೆಲ್ಲ ಇದ್ದರೆ ಸಹಿ ಹಾಕಬೇಡಿ. ಸಾಲದ ಕಂತು ಬಾಕಿ ಇರುವ ಗಾಡಿಗಳಲ್ಲಿ ಇನ್ನೊಂದು ಎಚ್ಚರ ಬೇಕು. ಫೈನಾನ್ಸ್‌ನವರು ರಾತ್ರಿ ಬಂದು ಎತ್ತಿಕೊಂಡು ಹೋಗಿದ್ದನ್ನು ಕಳವು ಅಂದುಕೊಂಡು ದೂರು ಕೊಟ್ಟವರಿದ್ದಾರೆ, ಅಂಥದ್ದು ಬಿ ರಿಪೋರ್ಟ್‌ಗೆ ಹೋಗುತ್ತದೆ. ನಿಮ್ಮ ಕಂತು ಬಾಕಿ ಇದ್ದಿದ್ದರೆ ಬ್ಯಾಂಕಿನಿಂದ "ನಾವು ಗಾಡಿ ಜಪ್ತಿ ಮಾಡಿಲ್ಲ" ಅಂತ ಒಂದು ಪತ್ರ ತೆಗೆದುಕೊಂಡು ಪೊಲೀಸರಿಗೂ ಕಂಪನಿಗೂ ಕೊಡಿ. ಬಿ ರಿಪೋರ್ಟ್ ಆದರೆ ಕ್ಲೇಮ್ ಬಹುತೇಕ ಮುಗಿದ ಹಾಗೆ. ಕೋರ್ಟಿನಿಂದ ನೋಟಿಸ್ ಬಂದಾಗ ಹೋಗಿ ತಕರಾರು ಹಾಕಬೇಕಾಗುತ್ತದೆ, ಅದು ವಕೀಲರ ಕೆಲಸ.

ಸಿ ರಿಪೋರ್ಟ್ ಯಾವಾಗ ಹಾಕುತ್ತಾರೆ? ಇಷ್ಟೇ ದಿನದಲ್ಲಿ ಹಾಕಬೇಕು ಅಂತ ಗೆರೆ ಎಳೆದಿಲ್ಲ. ರೂಢಿಯಲ್ಲಿ ಮೂರು ತಿಂಗಳ ಆಸುಪಾಸು ನೋಡುತ್ತಾರೆ, ಕೆಲವು ಕಡೆ ಜಾಸ್ತಿಯೇ ಆಗುತ್ತದೆ. ಆದರೆ ನಿಮ್ಮ ಕೈಗೆ ಒಂದು ಹಿಡಿ ಇದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 193ರ ಪ್ರಕಾರ ತನಿಖೆ ಎಲ್ಲಿಗೆ ಬಂತು ಅಂತ ದೂರುದಾರರಿಗೆ 90 ದಿನದೊಳಗೆ ಪೊಲೀಸರು ತಿಳಿಸಬೇಕು. ನಿಮಗೆ ಎರಡು ತಿಂಗಳಾಗಿದೆ. ಈಗಲೇ ಇನ್‌ಸ್ಪೆಕ್ಟರ್ ಹೆಸರಿಗೆ ಒಂದು ಪುಟದ ಅರ್ಜಿ ಕೊಡಿ: ಕ್ರೈಂ ನಂಬರ್, ಗಾಡಿ ನಂಬರ್, ತನಿಖೆಯ ಹಂತ ತಿಳಿಸಿ, ಗಾಡಿ ಪತ್ತೆಯಾಗಿಲ್ಲವಾದರೆ ಅಂತಿಮ ವರದಿ ಸಲ್ಲಿಸಿ, ವಿಮೆಗೆ ಅದು ಬೇಕಾಗಿದೆ. ಇಷ್ಟು ಸಾಕು. 90 ದಿನ ಕಳೆದ ಮೇಲೂ ಸದ್ದಿಲ್ಲದಿದ್ದರೆ ಅದೇ ಅರ್ಜಿಯ ಪ್ರತಿಯನ್ನು ಎಸಿಪಿ ಕಚೇರಿಗೆ ಕೊಡಿ. ಜಗಳ ಬೇಡ. ದಿನಕ್ಕೊಂದು ಹೊಸ ಕೇಸ್ ಬರುವ ಸ್ಟೇಷನ್‌ನಲ್ಲಿ ಹಳೇ ಬೈಕಿನ ಕಡತ ಅಡಿಗೆ ಹೋಗಿರುತ್ತದೆ, ಯಾರಾದರೂ ಮೇಲೆತ್ತಬೇಕು, ಅಷ್ಟೇ.

ವರದಿ ಕೋರ್ಟಿಗೆ ಹೋಯಿತು ಅಂದ ಮೇಲೆ ಸ್ಟೇಷನ್ ಸುತ್ತುವುದು ಬಿಡಿ. ಅದು ನಿಮ್ಮ ಸ್ಟೇಷನ್ ವ್ಯಾಪ್ತಿಯ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿರುತ್ತದೆ. ನಿಮ್ಮ ಸ್ಟೇಷನ್ ಯಾವ ಕೋರ್ಟಿಗೆ ಸೇರುತ್ತದೆ ಅನ್ನುವುದನ್ನು ಸ್ಟೇಷನ್‌ನ ಕೋರ್ಟ್ ಡ್ಯೂಟಿ ಕಾನ್‌ಸ್ಟೇಬಲ್ ಸರಿಯಾಗಿ ಹೇಳುತ್ತಾರೆ, ಅವರ ಪರಿಚಯ ಮಾಡಿಕೊಳ್ಳಿ, ಇಡೀ ಕ್ಲೇಮಿನಲ್ಲಿ ನಿಮಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವ ಮನುಷ್ಯ ಅವರೇ. ವರದಿ ಒಪ್ಪಲು ತಕರಾರು ಇದೆಯಾ ಅಂತ ಕೋರ್ಟ್ ದೂರುದಾರರಿಗೆ ನೋಟಿಸ್ ಕೊಡುವುದುಂಟು. ಬಂದರೆ ಹೆದರಬೇಡಿ, ಹೋಗಿ "ತಕರಾರಿಲ್ಲ" ಅಂತ ಹೇಳಿ ಬನ್ನಿ. ಹೋಗದಿದ್ದರೆ ದಿನಾಂಕ ಮುಂದಕ್ಕೆ ಹೋಗುತ್ತಾ ಇರುತ್ತದೆ. ಕೋರ್ಟ್ ವರದಿಯನ್ನು ಒಪ್ಪಿಕೊಂಡ ಮೇಲೆ ದೃಢೀಕೃತ ನಕಲಿಗೆ ಅರ್ಜಿ ಹಾಕಬೇಕು. ಇಲ್ಲೇ ಜನ ಎಡವುವುದು: ಸಿ ರಿಪೋರ್ಟ್ ಒಂದನ್ನೇ ಕೇಳುತ್ತಾರೆ. ಅದನ್ನು ಒಪ್ಪಿದ ಆದೇಶ ಆರ್ಡರ್ ಶೀಟ್‌ನಲ್ಲಿರುತ್ತದೆ, ಅದರ ನಕಲು ಇಲ್ಲದೆ ಕಂಪನಿ ವಾಪಸ್ ಕಳಿಸುತ್ತದೆ, ಮತ್ತೆ ಅರ್ಜಿ, ಮತ್ತೆ ಕಾಯುವುದು. ಎಫ್‌ಐಆರ್, ದೂರು, ಸಿ ರಿಪೋರ್ಟ್, ಆರ್ಡರ್ ಶೀಟ್, ನಾಲ್ಕನ್ನೂ ಒಂದೇ ಅರ್ಜಿಯಲ್ಲಿ ಎರಡೆರಡು ಪ್ರತಿ ಕೇಳಿ.

ಅದಕ್ಕೂ ಮೊದಲು ಕಂಪನಿಗೆ ಒಂದು ಇಮೇಲ್ ಹಾಕಿ ಕೇಳಿಕೊಳ್ಳಿ: ಪೊಲೀಸರು ಕೋರ್ಟಿಗೆ ಸಲ್ಲಿಸಿದ ಸಿ ರಿಪೋರ್ಟಿನ ಪ್ರತಿ ಸಾಕೋ, ಕೋರ್ಟ್ ಒಪ್ಪಿದ ಆದೇಶವೂ ಬೇಕೋ? ಕೆಲವರು ಮೊದಲನೆಯದರ ಮೇಲೆಯೇ, ಮುಂದೆ ಆದೇಶ ತಂದುಕೊಡುತ್ತೇನೆ ಅಂತ ಮುಚ್ಚಳಿಕೆ ಬರೆಸಿಕೊಂಡು ಹಣ ಬಿಡುತ್ತಾರೆ. ಫೋನಿನಲ್ಲಿ ಕೇಳಿದ ಉತ್ತರಕ್ಕೆ ಬೆಲೆ ಇಲ್ಲ, ಬರವಣಿಗೆಯಲ್ಲಿ ಬೇಕು. ಕೆಲವರು ಎನ್‌ಸಿಆರ್‌ಬಿ, ಅಂದರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಯನ್ನೂ ಕೇಳುತ್ತಾರೆ. ಕಳವಾದ ಮತ್ತು ಸಿಕ್ಕ ಗಾಡಿಗಳನ್ನು ದೇಶದಾದ್ಯಂತ ಹೋಲಿಸುವ 'ವಾಹನ್ ಸಮನ್ವಯ್' ಅನ್ನುವ ವ್ಯವಸ್ಥೆ ಅವರದ್ದು, ನಿಮ್ಮ ಗಾಡಿ ಬೇರೆಲ್ಲೋ ಸಿಕ್ಕಿ ಅನಾಥವಾಗಿ ನಿಂತಿಲ್ಲ ಅಂತ ಖಚಿತ ಮಾಡಿಕೊಳ್ಳಲು ಅದು.

ಕಂಪನಿಗೆ ನೀವು ತಿಳಿಸಿದ್ದು ಯಾವಾಗ ಅಂತ ಬರೆದಿಲ್ಲ. ತಡವಾಗಿದ್ದರೂ ಅದೊಂದೇ ಕಾರಣಕ್ಕೆ ತಳ್ಳಿಹಾಕಲು ಬರುವುದಿಲ್ಲ. ಗುರ್ಶಿಂದರ್ ಸಿಂಗ್ ಅನ್ನುವವರ ಟ್ರ್ಯಾಕ್ಟರ್ ಕಳವಿನ ಪ್ರಕರಣದಲ್ಲಿ ಪೊಲೀಸರಿಗೆ ಕೂಡಲೇ ದೂರು ಹೋಗಿತ್ತು, ಕಂಪನಿಗೆ ತಿಳಿಸಿದ್ದು ಒಂದೂವರೆ ತಿಂಗಳು ದಾಟಿದ ಮೇಲೆ. ಪೊಲೀಸರಿಗೆ ತಕ್ಷಣ ದೂರು ಕೊಟ್ಟಿದ್ದರೆ, ಕಳವು ನಿಜವೇ ಆಗಿದ್ದರೆ, ಕಂಪನಿಗೆ ತಿಳಿಸಲು ತಡವಾಯಿತು ಅಂತ ಮಾತ್ರ ಹಣ ನಿರಾಕರಿಸುವಂತಿಲ್ಲ ಅಂತ 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತು. ನಿಮ್ಮ ಎಫ್‌ಐಆರ್ ಮರುದಿನವೇ ಆಗಿರುವುದು ದೊಡ್ಡ ಬಲ. ಇನ್ನು, ಅಕಸ್ಮಾತ್ ಕೀ ಗಾಡಿಯಲ್ಲೇ ಇತ್ತು ಅಂತಾಗಿದ್ದರೂ ಪೂರ್ತಿ ಸೊನ್ನೆ ಆಗಬೇಕಿಲ್ಲ. ಕೀ ಬಿಟ್ಟು ಇಳಿದಿದ್ದ ಪ್ರಕರಣವೊಂದರಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್ ಶೇ 75ರಷ್ಟು ಕೊಡಿಸಿದೆ. ಇದನ್ನು ಹೇಳಿದ್ದು, ನಿಜ ಹೇಳಿದರೆ ಎಲ್ಲಾ ಹೋಯಿತು ಅಂತ ಹೆದರಿ ಸುಳ್ಳು ಬರೆಸುವವರು ಜಾಸ್ತಿ ಇರುವುದರಿಂದ.

ಹಣದ ಲೆಕ್ಕ ನೋಡೋಣ. ನಿಮ್ಮ ಪಾಲಿಸಿಯಲ್ಲಿ ಐಡಿವಿ ಅಂತ ಒಂದು ಅಂಕಿ ಇದೆ, ಗಾಡಿಗೆ ಕಂಪನಿ ಒಪ್ಪಿಕೊಂಡ ಬೆಲೆ ಅದು. ಪಾಲಿಸಿ ಬರೀ ಥರ್ಡ್ ಪಾರ್ಟಿ ಆಗಿದ್ದರೆ ಅದು ಇರುವುದೇ ಇಲ್ಲ, ಕಳವಿಗೆ ಹಣವೂ ಇಲ್ಲ, ಮೊದಲು ಅದನ್ನು ಖಚಿತ ಮಾಡಿಕೊಳ್ಳಿ. ಈಗ ಒಂದು ಉದಾಹರಣೆ: ಶೋರೂಮ್ ಬೆಲೆ 90,000 ರೂಪಾಯಿಯ ಬೈಕ್, ಪಾಲಿಸಿ ಶುರುವಾದಾಗ ಅದಕ್ಕೆ ಒಂದು ವರ್ಷ ದಾಟಿ ಎರಡು ತುಂಬಿಲ್ಲ ಅಂದುಕೊಳ್ಳಿ. ಆ ವಯಸ್ಸಿಗೆ ಶೇ 20 ಕಳೆಯುತ್ತಾರೆ, ಐಡಿವಿ 72,000. ಕಳವಾದ ದಿನ ಮತ್ತೆ ಸವಕಳಿ ಲೆಕ್ಕ ಹಾಕುವುದಿಲ್ಲ, ಪಾಲಿಸಿಯಲ್ಲಿ ಬರೆದ ಅಂಕಿಯೇ ಅಂತಿಮ. ಬೈಕಿಗೆ ಕಡ್ಡಾಯ ಕಡಿತ 100 ರೂಪಾಯಿ, ಉಳಿದದ್ದು 71,900. ಸಾಲ 31,000 ಬಾಕಿ ಇದ್ದರೆ ಅದು ನೇರ ಬ್ಯಾಂಕಿಗೆ ಹೋಗುತ್ತದೆ, ನಿಮ್ಮ ಖಾತೆಗೆ 40,900. ಅದು ಬರುವವರೆಗೂ ಕಂತು ಕಟ್ಟುತ್ತಲೇ ಇರಿ. ಗಾಡಿ ಇಲ್ಲ ಅಂತ ನಿಲ್ಲಿಸಿದರೆ ಬಡ್ಡಿ, ದಂಡ ಎಲ್ಲ ಈ 40,900ರಿಂದಲೇ ಹೋಗುತ್ತದೆ.

ಕೊನೆಯಲ್ಲಿ ಕಂಪನಿಯವರು ಫಾರಂ 28, 29, 30ಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ, ಸಾಲ ಇರುವುದರಿಂದ ಬ್ಯಾಂಕಿನ ಸಹಿ ಇರುವ ಫಾರಂ 35 ಕೂಡ. ಮುಂದೆ ಗಾಡಿ ಸಿಕ್ಕರೆ ಅದು ಕಂಪನಿಯ ಹೆಸರಿಗೆ ಹೋಗಲಿ ಅಂತ. ಖಾಲಿ ಫಾರಂಗೆ ಸಹಿ ಹಾಕುವುದು ಇಲ್ಲಿ ರೂಢಿ, ಆದರೂ ಗಾಡಿ ನಂಬರ್, ಚಾಸಿಸ್ ನಂಬರ್ ಮತ್ತು ಕ್ಲೇಮ್ ನಂಬರ್ ನೀವೇ ತುಂಬಿ, ಪ್ರತಿಯೊಂದರ ಫೋಟೋ ಇಟ್ಟುಕೊಳ್ಳಿ. ಆರ್‌ಟಿಒಗೆ ಎಫ್‌ಐಆರ್ ಪ್ರತಿ ಜೊತೆ ಕಳವಿನ ಪತ್ರ ಇನ್ನೂ ಕೊಟ್ಟಿಲ್ಲದಿದ್ದರೆ ಈ ವಾರವೇ ಕೊಡಿ, ಯಾರೂ ಹೆಸರು ಬದಲಾಯಿಸದ ಹಾಗೆ. ಆರ್‌ಸಿ ರದ್ದು ಮಾಡಿಸಲು ಮಾತ್ರ ನೀವಾಗಿ ಹೋಗಬೇಡಿ, ಕ್ಲೇಮ್‌ಗೆ ಅದು ಜೀವಂತ ಇರಬೇಕು.

ಎಲ್ಲ ಕಾಗದ ಕೊಟ್ಟ ಮೇಲೂ ಕಂಪನಿ ಒಂದು ಕೀ ಇಲ್ಲ ಅನ್ನುವ ಒಂದೇ ಕಾರಣ ಹೇಳಿ ತಳ್ಳಿಹಾಕಿದರೆ, ನಿರಾಕರಣೆಯನ್ನು ಪಾಲಿಸಿಯ ಯಾವ ಷರತ್ತಿನ ಮೇಲೆ ಅಂತ ಬರವಣಿಗೆಯಲ್ಲಿ ಕೇಳಿ. ಮೊದಲು ಅವರದೇ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದದ್ದು ಸರಿ ಅನಿಸದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ ಶುಲ್ಕ ಇಲ್ಲ, ವಕೀಲರೂ ಬೇಡ, ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಹೋಗಬೇಕು.

ಇನ್ನೊಂದು ಮಾತು, ಹಣ ಬರುವ ಮೊದಲೇ ಬೈಕ್ ಸಿಕ್ಕಿತು ಅಂತ ಸ್ಟೇಷನ್‌ನಿಂದ ಫೋನ್ ಬಂದರೆ ಬಿಡಿಸಿಕೊಳ್ಳಲು ಓಡುವ ಮೊದಲು ಕಂಪನಿಗೆ ಒಂದು ಇಮೇಲ್ ಹಾಕಿ. ಸಿಕ್ಕ ಗಾಡಿಯಲ್ಲಿ ಟ್ಯಾಂಕು, ಚಕ್ರ, ಬ್ಯಾಟರಿ ಇರುವುದಿಲ್ಲ ಎಷ್ಟೋ ಸಲ. ಆಗ ಅದು ರಿಪೇರಿ ಕ್ಲೇಮ್ ಆಗುತ್ತದೆ, ಸರ್ವೇಯರ್ ನೋಡುವವರೆಗೆ ಒಂದು ಬೋಲ್ಟ್ ಕೂಡ ಹಾಕಿಸಬೇಡಿ.